ಮರುಪಾವತಿಯ ಲೆಕ್ಕದಲ್ಲಿ ಸೇವಾ ತೆರಿಗೆ ಏಕೆ ಹೊರಗುಳಿಯಬೇಕು?

ಊದುಬತ್ತಿ ತಯಾರಿಕೆಯಲ್ಲಿ ತೊಡಗಿರುವ ನನ್ನ ಕಕ್ಷಿದಾರರೊಬ್ಬರು ವರ್ಷದ ಲೆಕ್ಕಪತ್ರಗಳನ್ನು ಮುಗಿಸುವ ಸಂದರ್ಭದಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಸುಗಂಧ ದ್ರವ್ಯ ಕೊಳ್ಳುವಾಗ ಕೊಟ್ಟದ್ದೂ ತೆರಿಗೆಯೇ, ಗೋದಾಮಿನ ಬಾಡಿಗೆಯ ಮೇಲೆ ಕೊಟ್ಟದ್ದೂ ತೆರಿಗೆಯೇ. ಎರಡೂ ಸರ್ಕಾರದ ಒಂದೇ ಬೊಕ್ಕಸಕ್ಕೆ ಹೋಗಿವೆ. ಹಿಂದಕ್ಕೆ ಕೊಡುವಾಗ ಮಾತ್ರ ಅವು ಬೇರೆ ಬೇರೆ ಆಗುವುದು ಹೇಗೆ ಸ್ವಾಮಿ?" ಕಾನೂನಿನ ಕಲಮುಗಳನ್ನು ಹೇಳಿ ನಾನು ಉತ್ತರಿಸಿದೆನಾದರೂ, ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಕಚ್ಚಾ ಸಾಮಗ್ರಿಯ ಮೇಲಿನ ತೆರಿಗೆ ದರ ಹೆಚ್ಚಾಗಿದ್ದು ಸಿದ್ಧ ವಸ್ತುವಿನ ಮೇಲಿನ ದರ ಕಡಿಮೆಯಾಗಿದ್ದರೆ, ಅದನ್ನು ತಲೆಕೆಳಗಾದ ತೆರಿಗೆ ರಚನೆ ಎನ್ನುತ್ತೇವೆ. ಇಂತಹ ಉದ್ಯಮಿಯು ಖರೀದಿಯ ಮೇಲೆ ಕೊಡುವ ತೆರಿಗೆ ಅವನು ಮಾರಾಟದ ಮೇಲೆ ವಸೂಲು ಮಾಡುವ ತೆರಿಗೆಗಿಂತ ಅಧಿಕವಾಗಬಹುದು. ಹೀಗಾದಾಗ ಹೆಚ್ಚುವರಿ ಮೊತ್ತವು ವಿದ್ಯುನ್ಮಾನ ಜಮಾ ಖಾತೆಯಲ್ಲಿ ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತ ಹೋಗುತ್ತದೆ. ಅದನ್ನು ಮರಳಿ ಪಡೆಯಲು ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 54(3)ನೆಯ ಕಲಮು ಅವಕಾಶ ನೀಡಿದೆ. ಎಷ್ಟು ಪಡೆಯಬಹುದೆಂಬುದನ್ನು 89(5)ನೆಯ ನಿಯಮದ ಸೂತ್ರವು ನಿರ್ಧರಿಸುತ್ತದೆ. ಖಾತೆಯಲ್ಲಿ ಉಳಿದಿರುವ ಜಮೆಯೆಲ್ಲವೂ ಮರಳಿ ಬರುತ್ತದೆಂದು ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಇಂದಿಗೂ ಭಾವಿಸಿದ್ದಾರೆ. ಅದು ನಿಜವಲ್ಲ. ಸರಕುಗಳ ಮೇಲಿನ ತೆರಿಗೆಯನ್ನು ಮಾತ್ರ ಈ ಸೂತ್ರವು ಮರುಪಾವತಿಗೆ ಅರ್ಹವೆಂದು ಎಣಿಸುತ್ತದೆ. ಸೇವೆಗಳ ಮೇಲಿನ ತೆರಿಗೆ ಮತ್ತು ಯಂತ್ರೋಪಕರಣಗಳ ಮೇಲಿನ ತೆರಿಗೆ ಎರಡೂ ಅದರಿಂದ ಹೊರಗಿವೆ.

ಒಂದು ತಿಂಗಳ ಲೆಕ್ಕ

ಮೈಸೂರು, ಬೆಂಗಳೂರು ಪ್ರದೇಶದ ಹಳೆಯ ಉದ್ಯಮವಾದ ಊದುಬತ್ತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಊದುಬತ್ತಿಯ ಮೇಲಿನ ತೆರಿಗೆ ಶೇ. 5. ಕಚ್ಚಾ ಬತ್ತಿಗೂ ಅದೇ ದರ. ಬತ್ತಿಗೆ ಪರಿಮಳ ಕೊಡುವ ಸುಗಂಧ ಮಿಶ್ರಣ, ಅದನ್ನು ತೆಳುಗೊಳಿಸಲು ಬಳಸುವ ಡಿ.ಇ.ಪಿ. ದ್ರಾವಣ, ಪರಿಮಳ ಹಾರದಂತೆ ಕಾಯುವ ಪ್ಲಾಸ್ಟಿಕ್ ಪೌಚುಗಳು, ಇವೆಲ್ಲಕ್ಕೂ ಶೇ. 18. ರಟ್ಟಿನ ಪೆಟ್ಟಿಗೆಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ತಿಂಗಳಿಗೆ 50 ಲಕ್ಷ ರೂಪಾಯಿ ವಹಿವಾಟು ಉಳ್ಳ, ಊದುಬತ್ತಿಯನ್ನು ಬಿಟ್ಟು ಬೇರೇನನ್ನೂ ಮಾರದ ಒಂದು ಮಧ್ಯಮ ಗಾತ್ರದ ಘಟಕವನ್ನು ಕಲ್ಪಿಸಿಕೊಳ್ಳಿ. ಮಾರಾಟದ ಮೇಲೆ ಅದು ಕೊಡಬೇಕಾದ ತೆರಿಗೆ 2,50,000 ರೂ. ಇನ್ನು ಖರೀದಿಯ ಕಡೆಗೆ ಬರೋಣ. ಸುಗಂಧ ಮಿಶ್ರಣ ಮತ್ತು ದ್ರಾವಣಕ್ಕೆ 12 ಲಕ್ಷ ರೂ., ಅದರ ಮೇಲಿನ ತೆರಿಗೆ 2,16,000 ರೂ. ಪೌಚುಗಳಿಗೆ 2 ಲಕ್ಷ ರೂ., ತೆರಿಗೆ 36,000 ರೂ. ಕಚ್ಚಾ ಬತ್ತಿ ಮತ್ತು ಪೆಟ್ಟಿಗೆಗಳಿಗೆ ಒಟ್ಟು 13 ಲಕ್ಷ 60 ಸಾವಿರ ರೂ., ತೆರಿಗೆ 68,000 ರೂ. ಹೀಗೆ ಸರಕುಗಳ ಮೇಲಿನ ಜಮೆ 3,20,000 ರೂ. ಆಯಿತು. ಇದರೊಂದಿಗೆ ಗೋದಾಮಿನ ಬಾಡಿಗೆ, ಜಾಹೀರಾತು, ಮಾರಾಟ ಪ್ರತಿನಿಧಿಗಳ ಕಮಿಷನ್ ಮುಂತಾದ ಸೇವೆಗಳ ಮೇಲೆ 80,000 ರೂ. ತೆರಿಗೆಯನ್ನು ಕೊಟ್ಟಿದೆ. ಒಟ್ಟು ಜಮೆ 4,00,000 ರೂ. ಅದರಲ್ಲಿ ಮಾರಾಟದ ತೆರಿಗೆಯಾದ 2,50,000 ರೂ. ಹೊಂದಿಕೆಯಾದ ಮೇಲೆ ಖಾತೆಯಲ್ಲಿ ಉಳಿಯುವುದು 1,50,000 ರೂ.

ಈಗ ಸೂತ್ರವನ್ನು ಅನ್ವಯಿಸೋಣ. ಒಂದೇ ಬಗೆಯ ವಸ್ತುವನ್ನು ಮಾರುವವರಿಗೆ ಅದು ಹೀಗೆ ಸರಳವಾಗುತ್ತದೆ:

ಗರಿಷ್ಠ ಮರುಪಾವತಿ = ಸರಕುಗಳ ಜಮೆ − (ಮಾರಾಟದ ತೆರಿಗೆ × ಸರಕುಗಳ ಜಮೆ ÷ ಸರಕು ಮತ್ತು ಸೇವೆಗಳ ಒಟ್ಟು ಜಮೆ)

ಒಟ್ಟು ಜಮೆಯ ಐದರಲ್ಲಿ ನಾಲ್ಕು ಪಾಲು ಸರಕುಗಳದ್ದು. ಆದ್ದರಿಂದ ಮಾರಾಟದ ತೆರಿಗೆಯ ಐದರಲ್ಲಿ ನಾಲ್ಕು ಪಾಲು, ಎಂದರೆ 2,00,000 ರೂ., ಸರಕುಗಳ ಜಮೆಯಿಂದಲೇ ತೀರಿತೆಂದು ಸೂತ್ರವು ಭಾವಿಸುತ್ತದೆ. 3,20,000ದಲ್ಲಿ 2,00,000 ಕಳೆದರೆ 1,20,000 ರೂ. ಅದೇ ಈ ತಿಂಗಳ ಮರುಪಾವತಿ. ಖಾತೆಯಲ್ಲಿದ್ದ 1,50,000 ರೂ.ಗಳಲ್ಲಿ ಉಳಿದ 30,000 ರೂ. ಸೇವೆಗಳ ಪಾಲು. ಅದು ಖಾತೆಯಲ್ಲಿಯೇ ಇರುತ್ತದೆ.

ಶೇ. 18ರ ದರದ ವಸ್ತುವನ್ನೂ ಮಾರುವ ಉದ್ಯಮಿಯಾದರೆ ಈ 30,000 ರೂ.ಗಳನ್ನು ಮುಂದೊಂದು ದಿನ ಆ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಊದುಬತ್ತಿಯೊಂದನ್ನೇ ನಂಬಿದವರಿಗೆ ಆ ದಿನ ಬರುವುದೇ ಇಲ್ಲ, ಏಕೆಂದರೆ ಮುಂದಿನ ತಿಂಗಳೂ ಇದೇ ಕಥೆ. ವರ್ಷಕ್ಕೆ 3,60,000 ರೂ., ಇದೇ ಪ್ರಮಾಣದಲ್ಲಿ ಮೂರು ವರ್ಷ ಕಳೆದರೆ 10,80,000 ರೂ. ವಹಿವಾಟಿನ ಲೆಕ್ಕದಲ್ಲಿ ಇದು ನೂರಕ್ಕೆ ಅರವತ್ತು ಪೈಸೆ ಮಾತ್ರ ಎಂದು ಹಗುರವಾಗಿ ಕಾಣಬಾರದು. ನಿವ್ವಳ ಲಾಭ ಶೇ. 4 ಇರುವ ಘಟಕಕ್ಕೆ ಅದು ಲಾಭದ ಸುಮಾರು ಏಳನೆಯ ಒಂದು ಪಾಲು.

ಲೆಕ್ಕ ಪರಿಶೋಧಕನ ಸಂಕಟ ಆರಂಭವಾಗುವುದು ಇಲ್ಲಿಯೇ. ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಈ ಮೊತ್ತವು ಸರ್ಕಾರದಿಂದ ಬರಬೇಕಾದ ಆಸ್ತಿಯಾಗಿ ನಿಂತಿರುತ್ತದೆ. ನಗದಾಗಿಯೂ ಬಾರದ, ಹೊಂದಾಣಿಕೆಗೂ ಒದಗದ ಮೊತ್ತವನ್ನು ಆಸ್ತಿಯೆಂದು ಎಷ್ಟು ವರ್ಷ ತೋರಿಸುವುದು? ಒಂದು ದಿನ ಅದನ್ನು ಲಾಭ-ನಷ್ಟ ಖಾತೆಗೆ ಖರ್ಚಾಗಿ ಹಾಕಲೇಬೇಕು. ಹಾಗೆ ಹಾಕಿದಾಗ ಮಾಲೀಕರು ತಾವು ಹಿಂದಿನ ವರ್ಷಗಳಲ್ಲಿ ಕಂಡ ಲಾಭದ ಒಂದು ಭಾಗ ನಿಜವಾದ ಲಾಭವಾಗಿರಲಿಲ್ಲವೆಂದು ತಡವಾಗಿ ತಿಳಿಯುತ್ತಾರೆ. ಅಷ್ಟರಲ್ಲಿ ಆ ಹುಸಿ ಲಾಭವನ್ನು ನಂಬಿ ಅವರು ಸರಕಿನ ಬೆಲೆಯನ್ನು ನಿಗದಿಪಡಿಸಿ ಆಗಿರುತ್ತದೆ.

ಈ ಭೇದ ಬಂದ ಬಗೆ

2017ರ ಜುಲೈ 1ರಂದು ಹೊಸ ತೆರಿಗೆ ಪದ್ಧತಿ ಬಂದಾಗ ನಮಗೆ ನೀಡಿದ ಮುಖ್ಯ ಭರವಸೆಯೆಂದರೆ ಸರಕು ಮತ್ತು ಸೇವೆಗಳ ನಡುವಣ ಗೋಡೆ ಬಿದ್ದುಹೋಗುತ್ತದೆ ಎಂಬುದು. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ ವ್ಯಾಪಾರಿಯು ಕೊಟ್ಟ ಸೇವಾ ತೆರಿಗೆಯನ್ನು ತನ್ನ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳುವಂತಿರಲಿಲ್ಲ. ಹೊಸ ಪದ್ಧತಿ ಅದನ್ನು ಸಾಧ್ಯವಾಗಿಸಿತು. ಆದರೆ 2018ರ ಏಪ್ರಿಲ್ ಹಾಗೂ ಜೂನ್ ತಿಂಗಳ ಅಧಿಸೂಚನೆಗಳು 89(5)ನೆಯ ನಿಯಮವನ್ನು ಬದಲಿಸಿ, ಮರುಪಾವತಿಯ ಲೆಕ್ಕದಿಂದ ಸೇವೆಗಳ ಜಮೆಯನ್ನು ಹೊರಗಿಟ್ಟವು. ಅದೂ 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗುವಂತೆ. ಬಿದ್ದ ಗೋಡೆ ಮರುಪಾವತಿಯ ಕೋಣೆಯಲ್ಲಿ ಮತ್ತೆ ಎದ್ದಿತು.

ಪಾದರಕ್ಷೆ ತಯಾರಕರಾದ ವಿ.ಕೆ.ಸಿ. ಫುಟ್‌ಸ್ಟೆಪ್ಸ್ ಸಂಸ್ಥೆಯವರು ಇದನ್ನು ಗುಜರಾತ್ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2020ರ ಜುಲೈನಲ್ಲಿ ಆ ನ್ಯಾಯಾಲಯವು ಉದ್ಯಮಿಗಳ ಪರವಾಗಿ ತೀರ್ಪಿತ್ತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಇದಕ್ಕೆ ವಿರುದ್ಧವಾದ ನಿಲುವನ್ನು ತಳೆಯಿತು. ಕೊನೆಗೆ 2021ರ ಸೆಪ್ಟೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಮದ್ರಾಸಿನ ನಿಲುವನ್ನೇ ಎತ್ತಿಹಿಡಿಯಿತು. ಮರುಪಾವತಿಯು ಸಂವಿಧಾನದತ್ತ ಹಕ್ಕಲ್ಲ, ಶಾಸನವು ಕೊಟ್ಟಷ್ಟು ಮಾತ್ರ ದೊರೆಯುವಂಥದ್ದು. 54(3)ನೆಯ ಕಲಮು ಈ ಸಂದರ್ಭದಲ್ಲಿ ಸರಕುಗಳ ಜಮೆಯನ್ನಷ್ಟೇ ಉದ್ದೇಶಿಸಿದೆ ಎಂಬುದು ಆ ತೀರ್ಪಿನ ಸಾರ.

ಆದರೆ ನ್ಯಾಯಾಲಯವು ಸೂತ್ರದಲ್ಲಿದ್ದ ಒಂದು ದೋಷವನ್ನು ಗುರುತಿಸದೆ ಬಿಡಲಿಲ್ಲ. ಅಂದಿನ ಸೂತ್ರದಲ್ಲಿ ಮಾರಾಟದ ತೆರಿಗೆಯೆಲ್ಲವೂ ಸರಕುಗಳ ಜಮೆಯಿಂದಲೇ ತೀರಿತೆಂದು ಹಿಡಿಯಲಾಗುತ್ತಿತ್ತು. ನಮ್ಮ ಉದಾಹರಣೆಯಲ್ಲಿ ಅದರ ಪರಿಣಾಮವನ್ನು ನೋಡಿ. 3,20,000ದಿಂದ ಪೂರ್ತಿ 2,50,000 ಕಳೆದು ಮರುಪಾವತಿ 70,000 ರೂ.ಗೆ ಇಳಿಯುತ್ತಿತ್ತು, ಸೇವೆಗಳ 80,000 ರೂ. ಇಡಿಯಾಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಇದನ್ನು ಸರಿಪಡಿಸುವ ಬಗ್ಗೆ ತೆರಿಗೆ ಮಂಡಲಿಯು ಮರುಪರಿಶೀಲಿಸಲಿ ಎಂದು ನ್ಯಾಯಾಲಯವು ಸೂಚಿಸಿತು. ಅದರ ಫಲವಾಗಿ 2022ರ ಜುಲೈ 5ರ ಅಧಿಸೂಚನೆಯ ಮೂಲಕ ಮೇಲೆ ಹೇಳಿದ ಪ್ರಮಾಣಾನುಗುಣ ಸೂತ್ರವು ಜಾರಿಗೆ ಬಂದಿತು. ನಷ್ಟವು 80,000ದಿಂದ 30,000ಕ್ಕೆ ಇಳಿದದ್ದು ಉಪಕಾರವೇ ಸರಿ. ಆದರೆ ಭೇದವು ಭೇದವಾಗಿಯೇ ಉಳಿಯಿತು.

2025ರ ಸೆಪ್ಟೆಂಬರ್ 3ರಂದು ಸೇರಿದ ಮಂಡಲಿಯ 56ನೆಯ ಸಭೆಯು ಇನ್ನೊಂದು ಸೌಲಭ್ಯವನ್ನು ಶಿಫಾರಸು ಮಾಡಿತು. ಗಣಕ ವ್ಯವಸ್ಥೆಯು ಅಪಾಯ ಕಡಿಮೆಯೆಂದು ಗುರುತಿಸಿದ ಅರ್ಜಿಗಳಿಗೆ ಮರುಪಾವತಿಯ ಶೇ. 90ರಷ್ಟನ್ನು ತಾತ್ಕಾಲಿಕವಾಗಿ ಮುಂಚಿತವಾಗಿಯೇ ಮಂಜೂರು ಮಾಡುವುದು ಅದರ ತಿರುಳು. ರಫ್ತುದಾರರಿಗೆ ಮೊದಲಿನಿಂದ ಇದ್ದ ಈ ಸೌಲಭ್ಯ 2025ರ ಅಕ್ಟೋಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ನಮಗೂ ದೊರೆಯಿತು. ಹಣ ಬೇಗ ಕೈಸೇರುವುದು ಸ್ವಾಗತಾರ್ಹ. ಆದರೆ ಈ ಕ್ರಮವು 1,20,000 ರೂ.ಗಳನ್ನು ಬೇಗ ತರುತ್ತದೆಯೇ ಹೊರತು ಉಳಿದ 30,000ವನ್ನು ತರುವುದಿಲ್ಲ.

ಅದೇ ಸಭೆಯ ಇನ್ನೊಂದು ನಿರ್ಣಯವು ಸಮಸ್ಯೆಯನ್ನು ಹಿಗ್ಗಿಸಿದೆ. ಶೇ. 12ರ ಹಂತವನ್ನು ತೆಗೆದುಹಾಕಿದಾಗ ಅಲ್ಲಿದ್ದ ಬೈಸಿಕಲ್, ಟ್ರ್ಯಾಕ್ಟರ್‌ನಂತಹ ಅನೇಕ ವಸ್ತುಗಳು ಶೇ. 5ಕ್ಕೆ ಇಳಿದವು. ಉಕ್ಕು, ಬಣ್ಣ, ಪ್ಲಾಸ್ಟಿಕ್‌ಗಳ ದರ ಶೇ. 18ರಲ್ಲಿಯೇ ಇದೆ. ಬಾಡಿಗೆ, ಜಾಹೀರಾತು, ವೃತ್ತಿಪರ ಸೇವೆಗಳೂ ಶೇ. 18ರಲ್ಲಿಯೇ ಇವೆ. ಹಿಂದೆ ಊದುಬತ್ತಿ, ಪಾದರಕ್ಷೆಯವರ ದೂರಾಗಿದ್ದದ್ದು ಈಗ ಇನ್ನೂ ಹಲವು ಉದ್ಯಮಗಳ ಬಾಗಿಲಿಗೆ ಬಂದಿದೆ.

ಸದ್ಯದ ಕಾನೂನಿನಲ್ಲಿ ಕಳೆದುಕೊಳ್ಳಬಾರದ್ದು

ಕಾನೂನು ಬದಲಾಗುವವರೆಗೆ, ಇರುವ ಸೂತ್ರದಲ್ಲಿ ನ್ಯಾಯವಾಗಿ ಸಿಗಬೇಕಾದದ್ದನ್ನಾದರೂ ಬಿಡಬಾರದು. ನಾನು ಪದೇ ಪದೇ ಕಾಣುವ ಮೂರು ತಪ್ಪುಗಳನ್ನು ಹೇಳುತ್ತೇನೆ.

ಮೊದಲನೆಯದು, ಶೇ. 18ರ ಖರೀದಿಗಳ ಜಮೆಯನ್ನು ಮಾತ್ರ ಸೂತ್ರಕ್ಕೆ ಹಾಕಿ, ಶೇ. 5ರ ಖರೀದಿಗಳನ್ನು ಬಿಟ್ಟುಬಿಡುವುದು. ನಮ್ಮ ಉದಾಹರಣೆಯಲ್ಲಿ ಕಚ್ಚಾ ಬತ್ತಿ ಮತ್ತು ಪೆಟ್ಟಿಗೆಗಳ 68,000 ರೂ. ಹೀಗೆ ಬಿಟ್ಟುಹೋದರೆ ಮರುಪಾವತಿ ಬಹಳವಾಗಿ ಕುಗ್ಗುತ್ತದೆ. ದರ ಯಾವುದೇ ಇರಲಿ, ಎಲ್ಲ ಸರಕುಗಳ ಜಮೆಯನ್ನೂ ಸೇರಿಸಬೇಕೆಂದು ಕೇಂದ್ರ ಮಂಡಳಿಯು 2018ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಅಧಿಕಾರಿಗಳು ಆಕ್ಷೇಪಿಸಿದರೆ ಈ ಸುತ್ತೋಲೆಯನ್ನು ಅವರ ಗಮನಕ್ಕೆ ತರಬಹುದು.

ಎರಡನೆಯದು, ಸರಕು ಯಾವುದು, ಸೇವೆ ಯಾವುದು ಎಂಬುದನ್ನು ಬಿಲ್ಲು ಬಂದ ದಿನವೇ ಗುರುತಿಸದಿರುವುದು. ಅರ್ಜಿಯೊಂದಿಗೆ ಕೊಡುವ ಬಿಲ್ಲುಗಳ ಪಟ್ಟಿಯಲ್ಲಿ ಪ್ರತಿಯೊಂದೂ ಸರಕೋ, ಸೇವೆಯೋ, ಯಂತ್ರೋಪಕರಣವೋ ಎಂದು ಬರೆಯಬೇಕಾಗುತ್ತದೆ. ವ್ಯವಹಾರದ ಸ್ವರೂಪ ಬದಲಾದರೆ ವರ್ಗವೂ ಬದಲಾಗುತ್ತದೆ. ಸಿದ್ಧವಾದ ಕಚ್ಚಾ ಬತ್ತಿಯನ್ನು ಕೊಂಡರೆ ಅದು ಸರಕು. ಸಾಮಗ್ರಿಯನ್ನು ನಾವೇ ಕೊಟ್ಟು, ನೋಂದಾಯಿತ ಘಟಕವೊಂದರಿಂದ ಕೂಲಿಗೆ ಬತ್ತಿ ಹೊಸೆಯಿಸಿದರೆ ಅವರ ಬಿಲ್ಲು ಸೇವೆಯದ್ದು. ಹಾಗೆಯೇ ಪೂರೈಕೆದಾರನು ಸಾಗಣೆ ವೆಚ್ಚವನ್ನೂ ಸೇರಿಸಿ ನಮ್ಮ ಬಾಗಿಲಿಗೆ ಮಾಲು ತಲುಪಿಸುವ ಕರಾರಿದ್ದರೆ ಪೂರ್ತಿ ತೆರಿಗೆಯೂ ಸರಕಿನದಾಗುತ್ತದೆ, ಲಾರಿಯನ್ನು ನಾವೇ ಗೊತ್ತುಮಾಡಿದರೆ ಆ ಭಾಗ ಸೇವೆಯಾಗುತ್ತದೆ. ಕರಾರು ಮಾಡಿಕೊಳ್ಳುವ ಮೊದಲು ಈ ವ್ಯತ್ಯಾಸವನ್ನು ಲೆಕ್ಕ ಹಾಕುವುದು ಜಾಣತನ. ಆದರೆ ಕರಾರು ಒಂದು ಬಗೆಯಾಗಿದ್ದು ಬಿಲ್ಲು ಇನ್ನೊಂದು ಬಗೆಯಾಗಿರಬಾರದು.

ಮೂರನೆಯದು ಕಾಲಾವಧಿ. ಜಮೆ ಸಂಗ್ರಹವಾದ ಅವಧಿಯ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ ಎರಡು ವರ್ಷಗಳೊಳಗೆ RFD-01 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಆರ್ಥಿಕ ವರ್ಷದ ಅಂತ್ಯದಿಂದ ಎಣಿಸುವ ಹಳೆಯ ಪದ್ಧತಿ 2019ರ ಫೆಬ್ರವರಿ 1ರಿಂದ ಇಲ್ಲವಾಗಿದೆ. ಮಾತ್ರವಲ್ಲ, ಸೂತ್ರದ ಮೊತ್ತ, ಆ ಅವಧಿಯ ಅಂತ್ಯದಲ್ಲಿ ಖಾತೆಯಲ್ಲಿದ್ದ ಮೊತ್ತ, ಅರ್ಜಿಯ ದಿನ ಇರುವ ಮೊತ್ತ, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟೇ ದೊರೆಯುತ್ತದೆ. ಪೂರೈಕೆದಾರನು ತೋರಿಸದೆ GSTR-2B ಪಟ್ಟಿಯಲ್ಲಿ ಕಾಣದ ಬಿಲ್ಲು ಲೆಕ್ಕಕ್ಕೇ ಬರುವುದಿಲ್ಲ. ಅರ್ಜಿಯನ್ನು ಮುಂದೂಡಿದಷ್ಟೂ ನಷ್ಟಕ್ಕೆ ದಾರಿ ಹೆಚ್ಚು.

ಸರ್ಕಾರದ ವಾದ ಮತ್ತು ನಮ್ಮ ಬೇಡಿಕೆ

ಸೇವೆಗಳನ್ನು ಹೊರಗಿಟ್ಟದ್ದಕ್ಕೆ ಇಲಾಖೆಯ ಪಾಲಿಗೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಸರಕನ್ನು ಗೋದಾಮಿನಲ್ಲಿ ಎಣಿಸಬಹುದು, ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಬಹುದು. ಸಲಹಾ ಶುಲ್ಕವನ್ನೋ ಜಾಹೀರಾತನ್ನೋ ಹಾಗೆ ಎಣಿಸಲಾಗದು. ಸುಳ್ಳು ಬಿಲ್ಲುಗಳ ಹಾವಳಿಯನ್ನು ಕಂಡ ಇಲಾಖೆಗೆ ಈ ಅಂಜಿಕೆ ಸಹಜ. ಇದರೊಂದಿಗೆ ಆದಾಯ ಕುಸಿಯುವ ಚಿಂತೆಯೂ ಇದೆ.

ಆದರೆ ಈ ವಾದದಲ್ಲಿ ಒಂದು ಬಿರುಕಿದೆ. ಸೇವೆಯ ಬಿಲ್ಲು ಸುಳ್ಳಾಗಿದ್ದರೆ ಅದರ ಜಮೆಯನ್ನು ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಲೂ ಬಿಡಬಾರದು. ಅದಕ್ಕೆ ಕಾನೂನು ಒಪ್ಪುತ್ತದೆ. ರಫ್ತುದಾರನು ಅದೇ ಗೋದಾಮಿನ ಬಾಡಿಗೆಯ ಮೇಲೆ ಕೊಟ್ಟ ತೆರಿಗೆಯನ್ನು ಮರುಪಾವತಿಯ ಲೆಕ್ಕಕ್ಕೆ ಸೇರಿಸಲೂ ಒಪ್ಪುತ್ತದೆ. ಹಾಗಿರುವಾಗ ಅದೇ ಬಿಲ್ಲು ದೇಶದೊಳಗೆ ಶೇ. 5ರ ವಸ್ತುವನ್ನು ಮಾರುವವನ ಕೈಯಲ್ಲಿ ಮಾತ್ರ ನಂಬಿಕೆಗೆ ಅನರ್ಹವಾಗುವುದೇಕೆ?

ದರವನ್ನೇ ತಿದ್ದಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸುಗಂಧ ಮಿಶ್ರಣ ಊದುಬತ್ತಿಗೂ ಹೋಗುತ್ತದೆ, ಸಾಬೂನಿಗೂ ಹೋಗುತ್ತದೆ. ಕೊಳ್ಳುವವನನ್ನು ನೋಡಿ ಬೇರೆ ಬೇರೆ ದರ ವಿಧಿಸಿದರೆ ಹೊಸ ವ್ಯಾಜ್ಯಗಳು ಹುಟ್ಟುತ್ತವೆ. ಊದುಬತ್ತಿಯ ದರವನ್ನೇರಿಸಿದರೆ ಹೊರೆ ಗ್ರಾಹಕನ ಮೇಲೆ ಬೀಳುತ್ತದೆ. ಆದ್ದರಿಂದ ಪರಿಹಾರವನ್ನು ಮರುಪಾವತಿಯಲ್ಲಿಯೇ ಹುಡುಕಬೇಕು.

ನ್ಯಾಯಾಲಯದ ದಾರಿ 2021ರಲ್ಲಿಯೇ ಮುಚ್ಚಿದೆ. ಕಲಮು ಸರಕುಗಳಿಗಷ್ಟೇ ಸೀಮಿತವೆಂದು ನಿರ್ಣಯವಾದ ಮೇಲೆ ನಿಯಮವೊಂದನ್ನೇ ತಿದ್ದಿದರೆ ಸಾಲದು. ಕೇಂದ್ರದ ಅಧಿನಿಯಮದ 54(3)ನೆಯ ಕಲಮನ್ನೂ, ಅದಕ್ಕೆ ಸಂವಾದಿಯಾದ ಕರ್ನಾಟಕ ಅಧಿನಿಯಮದ ಕಲಮನ್ನೂ ತಿದ್ದಬೇಕು. ಅದಕ್ಕೆ ತೆರಿಗೆ ಮಂಡಲಿಯ ಶಿಫಾರಸು ಬೇಕು. ಮಂಡಲಿಯಲ್ಲಿ ನಮ್ಮ ರಾಜ್ಯಕ್ಕೂ ದನಿಯಿದೆ. ಆದ್ದರಿಂದ ನಮ್ಮ ಸಂಸ್ಥೆಯು ರಾಜ್ಯ ಸರ್ಕಾರಕ್ಕೆ ಸಲ್ಲಿಸುವ ಮುಂದಿನ ಮನವಿಯಲ್ಲಿ ಈ ವಿಷಯವನ್ನು ಮೊದಲ ಸಾಲಿನಲ್ಲಿ ಇಡಬೇಕೆಂಬುದು ನನ್ನ ಸಲಹೆ.

ಎಲ್ಲ ಸೇವೆಗಳನ್ನೂ ಒಮ್ಮೆಲೇ ಸೇರಿಸಲು ಸರ್ಕಾರ ಹಿಂಜರಿದರೆ ಹಂತ ಹಂತವಾಗಿ ಕೇಳಬಹುದು. ತಯಾರಿಕೆಗೆ ನೇರವಾಗಿ ಸಂಬಂಧಿಸಿದ ಕೂಲಿ ಕೆಲಸ, ಒಳಸಾಗಣೆ, ಕಾರ್ಖಾನೆ ಮತ್ತು ಗೋದಾಮಿನ ಬಾಡಿಗೆ ಈ ಮೂರನ್ನು ಮೊದಲು ಸೇರಿಸಲಿ. ಇವುಗಳಿಗೆ ಕರಾರುಪತ್ರವಿದೆ, ಸಾಗಣೆ ರಸೀದಿಯಿದೆ, ಕಣ್ಣಿಗೆ ಕಾಣುವ ಕಟ್ಟಡವಿದೆ, ಪರಿಶೀಲನೆ ಕಷ್ಟವಲ್ಲ. ಜಾಹೀರಾತು, ಸಲಹಾ ಶುಲ್ಕಗಳನ್ನು ಒಂದು ಮಿತಿಗೊಳಪಡಿಸಿ ಅನಂತರ ಪರಿಗಣಿಸಲಿ.

ಇಂತಹ ಮನವಿಗೆ ಬಲ ಬರುವುದು ಅಂಕಿಗಳಿಂದ. ಆದ್ದರಿಂದ ಶೇ. 5ರ ದರದಲ್ಲಿ ಮಾರುವ ಪ್ರತಿಯೊಬ್ಬ ಸದಸ್ಯರೂ ಕಳೆದ ಹನ್ನೆರಡು ತಿಂಗಳುಗಳ ತಮ್ಮ ಸರಕುಗಳ ಜಮೆ, ಸೇವೆಗಳ ಜಮೆ, ದೊರೆತ ಮರುಪಾವತಿ ಮತ್ತು ಖಾತೆಯಲ್ಲಿ ಉಳಿದ ಮೊತ್ತ ಈ ನಾಲ್ಕು ಅಂಕಿಗಳನ್ನು ತಮ್ಮ ಲೆಕ್ಕಿಗರಿಂದ ತೆಗೆಸಿ ಸಂಸ್ಥೆಯ ಕಚೇರಿಗೆ ಕಳುಹಿಸಬೇಕೆಂದು ಕೋರುತ್ತೇನೆ. ನನ್ನ ಕಕ್ಷಿದಾರರ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಾಗಲಿಲ್ಲ. ಉತ್ತರಿಸಬೇಕಾದವರ ಮುಂದೆ ಅದನ್ನು ಲೆಕ್ಕಸಹಿತ ಇಡುವ ಕೆಲಸವನ್ನಾದರೂ ನಾವೆಲ್ಲ ಸೇರಿ ಮಾಡಬಹುದು.